ತಪ್ಪೋ, ಬರೆದವರ ಧಾಟಿಯೋ? ಮುಗಿದ ಪ್ರಬಂಧಕ್ಕೆ ಪೆನ್ನು ಹಚ್ಚುವ ಮೊದಲು

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಪಿಯು ಉಪನ್ಯಾಸಕಿ. ಸಕಲೇಶಪುರದ ಕಡೆಯ ಸಹೋದ್ಯೋಗಿಯೊಬ್ಬರು ಅಜ್ಜನ ಕಾಫಿ ತೋಟದ ಬಗ್ಗೆ ಪ್ರಬಂಧ ಬರೆದು ಮುಗಿಸಿ, ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡುವ ಮುಂಚೆ ಒಮ್ಮೆ ನೋಡಿ ಅಂದರು. ಸುಮಾರು 1200 ಪದ. ನಾನು ಅರುವತ್ತು ಕಡೆ ಕೆಂಪು ಗೆರೆ ಎಳೆದೆ. ಅವರು ಅರ್ಧಕ್ಕರ್ಧ ಗೆರೆಗಳಿಗೆ ‘ಅದು ನನ್ನ ಶೈಲಿ ಮೇಡಂ’ ಅಂದುಬಿಟ್ಟರು. ಕ್ರಿಯಾಪದವೇ ಇಲ್ಲದ ತುಂಡು ವಾಕ್ಯ, ಹಳ್ಳಿ ಮಾತು, ಹಿಂದುಮುಂದಾದ ಪದಗಳು ಎಲ್ಲಾ ಶೈಲಿ ಆಗುತ್ತದೆಯೇ? ಎಲ್ಲಿ ಗೆರೆ ಎಳೆಯಬೇಕು?

ಉತ್ತರ:

ನೀವು ಬರಹವನ್ನು ಕಳಿಸಿಲ್ಲ. ಹಾಗಾಗಿ ಅದೇ ಬಗೆಯ ಹತ್ತು ವಾಕ್ಯಗಳನ್ನು ನಾನೇ ಕಟ್ಟಿಕೊಂಡಿದ್ದೇನೆ. ಇಂಥ ಬರಹಗಳಲ್ಲಿ ಪದೇ ಪದೇ ಸಿಗುವ ತಪ್ಪುಗಳೂ, ತಪ್ಪೆಂದು ಸುಮ್ಮನೆ ಹೊಡೆತ ತಿನ್ನುವ ಸರಿಯಾದ ಪ್ರಯೋಗಗಳೂ ಇದರಲ್ಲಿ ಬೆರೆತಿವೆ. ಮೊದಲು ಪೆನ್ನು ಕೆಳಗಿಟ್ಟು ಒಮ್ಮೆ ಓದಿ.

“ಮಾರ್ಚಿನಲ್ಲಿ ಒಂದು ಹೂಮಳೆ. ಅಷ್ಟೇ ಸಾಕು. ಎಂಟು ಹತ್ತು ದಿನಕ್ಕೆ ಕಾಫಿ ಗಿಡಗಳು ಹೂ ಬಿಡುತ್ತದೆ, ತೋಟವೆಲ್ಲ ಬೆಳ್ಳಗಾಗುತ್ತದೆ. ಅಜ್ಜ ಬೆಳಗ್ಗೆ ಎದ್ದವರೇ ತೋಟಕ್ಕೆ ಹೋಗುತ್ತಿದ್ದರು, ಕೈಯಲ್ಲಿ ದೊಣ್ಣೆ, ಹೆಗಲ ಮೇಲೆ ಕಂಬಳಿ. ನಾನು ಹಿಂದೆ ಓಡಿ ಹೋಗಿ ಅಜ್ಜ ನಗುತ್ತಿದ್ದ. ಪ್ರತಿಯೊಂದು ಗಿಡಗಳನ್ನೂ ಮುಟ್ಟಿ ನೋಡುತ್ತಿದ್ದರು ಅಜ್ಜ. ‘ಅಕ್ಕಿ ಕೂಗ್ತಾ ಅದೆ, ಮಳೆ ಬತ್ತದೆ ಕಣ್ಲಾ’ ಅನ್ನೋರು. ಅಜ್ಜನಿಗೆ ಸಿಟ್ಟು ಬರಲು ಕಾರಣವೇನೆಂದರೆ ಆಳುಗಳು ಹೂ ಬಿಟ್ಟ ಕೊಂಬೆ ಮುರಿಯುತ್ತಿದ್ದುದರಿಂದ. ಒಂದು ವರ್ಷ ಹೂ ಅರಳಿದ ದಿನವೇ ಮಳೆ ಬಂದು ಎಲ್ಲ ಹಾಳಾಯಿತು. ಅಂದು ಅಜ್ಜ ಊಟ ಮಾಡಿಲ್ಲ.”

ಇದಕ್ಕೆ ಕೆಂಪು ಪೆನ್ನು ಹಚ್ಚಿದರೆ ಹನ್ನೆರಡು ಗೆರೆ ಸುಲಭವಾಗಿ ಬೀಳುತ್ತವೆ. ನಿಜವಾದ ತಪ್ಪುಗಳು ಆರು. ಒಂದೆರಡನ್ನು ಬರೆದವರನ್ನೇ ಕೇಳಿ ತಿಳಿಯಬೇಕು. ಉಳಿದವನ್ನು ಮುಟ್ಟುವ ಹಾಗಿಲ್ಲ. ಆರು ಯಾವುವು ಅನ್ನುವುದಕ್ಕಿಂತ ಹೇಗೆ ಗೊತ್ತಾಗುತ್ತದೆ ಅನ್ನುವುದು ನಿಮಗೆ ಬೇಕಾಗಿರುವುದರಿಂದ ಅಲ್ಲಿಂದಲೇ ಶುರು ಮಾಡೋಣ.

ಅನುಮಾನ ಬಂದ ಜಾಗವನ್ನು ಮನಸ್ಸಿನಲ್ಲೇ ತಿದ್ದಿ, ಹಳೆಯದನ್ನೂ ಹೊಸದನ್ನೂ ಗಟ್ಟಿಯಾಗಿ ಓದಿ. ತಿದ್ದಿದ ಮೇಲೆ ಬರೆದವರು ಕಳೆದುಕೊಂಡದ್ದು ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ‘ಗಿಡಗಳು ಹೂ ಬಿಡುತ್ತದೆ’ ಅನ್ನುವುದನ್ನು ‘ಬಿಡುತ್ತವೆ’ ಮಾಡಿದರೆ ಯಾರಿಗೂ ಏನೂ ನಷ್ಟವಿಲ್ಲ. ಅರ್ಥ, ಲಯ, ಒತ್ತು ಎಲ್ಲ ಹಾಗೇ ಉಳಿದವು. ಅದು ತಪ್ಪಾಗಿತ್ತು, ಸರಿಯಾಯಿತು. ಆದರೆ ‘ಮಾರ್ಚಿನಲ್ಲಿ ಒಂದು ಹೂಮಳೆ’ ಅನ್ನುವುದನ್ನು ‘ಮಾರ್ಚ್ ತಿಂಗಳಿನಲ್ಲಿ ಒಂದು ಹೂಮಳೆಯು ಬೀಳುತ್ತದೆ’ ಎಂದು ಮಾಡಿ ನೋಡಿ. ಅರ್ಥ ಉಳಿಯಿತು, ಬಾಗಿಲು ತೆರೆದ ಹಾಗೆ ಶುರುವಾಗುತ್ತಿದ್ದ ಪ್ರಬಂಧ ಹವಾಮಾನ ವರದಿಯಾಯಿತು. ತಿದ್ದುಪಡಿಯಿಂದ ಏನೋ ಕಳೆದುಹೋದರೆ ಅಲ್ಲಿ ಇದ್ದದ್ದು ಆಯ್ಕೆ.

ಈ ಒಂದು ಪರೀಕ್ಷೆಗೆ ಮುಕ್ಕಾಲು ಪಾಲು ಅನುಮಾನ ತೀರುತ್ತದೆ. ಉಳಿದ ಕಾಲು ಭಾಗಕ್ಕೆ ಇನ್ನೊಂದು ಕಟ್ಟುಪಾಡು ಹಾಕಿಕೊಳ್ಳಿ. ತಪ್ಪು ಎಂದು ಗುರುತು ಹಾಕಿದ ಪ್ರತಿ ಜಾಗದಲ್ಲೂ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ‘ಕರ್ತೃ ಬಹುವಚನ, ಕ್ರಿಯಾಪದ ಏಕವಚನ’ ಕಾರಣವಾಗುತ್ತದೆ. ‘ಕಿವಿಗೆ ಹಿಡಿಸುತ್ತಿಲ್ಲ’, ‘ಹೀಗೆ ಬರೆಯುವುದಿಲ್ಲ’ ಎಂಬುವು ಆಗುವುದಿಲ್ಲ. ಕಾರಣ ಬರೆಯಲು ಆಗದಿದ್ದರೆ ಕೆಂಪು ಗೆರೆ ಎಳೆಯಬೇಡಿ, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ. ನಿಮ್ಮ ಅರುವತ್ತರಲ್ಲಿ ಎಷ್ಟಕ್ಕೆ ಕಾರಣ ಬರೆಯಬಲ್ಲಿರಿ ಎಂದು ಲೆಕ್ಕ ಹಾಕಿ ನೋಡಿ.

ಈಗ ಮಾದರಿಗೆ ಬರೋಣ. ಮೊದಲೆರಡು ವಾಕ್ಯ ಬಿಟ್ಟುಬಿಡಿ. ಕನ್ನಡದಲ್ಲಿ ಕ್ರಿಯಾಪದವಿಲ್ಲದ ವಾಕ್ಯ ಪೂರ್ಣ ವಾಕ್ಯವೇ. ‘ಇವರು ನಮ್ಮ ಮೇಷ್ಟ್ರು’, ‘ಅವಳ ಊರು ಅರಸೀಕೆರೆ’ ಎನ್ನುವಾಗ ಯಾವ ಕ್ರಿಯಾಪದವೂ ಇಲ್ಲ, ಯಾರೂ ತಪ್ಪು ಅನ್ನುವುದಿಲ್ಲ. ಪ್ರತಿ ವಾಕ್ಯಕ್ಕೂ ಕ್ರಿಯಾಪದ ಬೇಕೇ ಬೇಕು ಅನ್ನುವ ಭಾವನೆ ಇಂಗ್ಲಿಷ್ ವ್ಯಾಕರಣದ ತರಗತಿಯಿಂದ ನಮ್ಮ ತಲೆಗೆ ಹತ್ತಿದ್ದು. ಅದರ ಮರಿಯೇ ‘ಅರಸೀಕೆರೆಯು ಅವಳ ಊರು ಆಗಿದೆ’ ಎಂಬ ವಾಕ್ಯ. ಕುತೂಹಲದ ವಿಷಯವೆಂದರೆ ಈ ‘ಆಗಿದೆ’ಗೆ ಯಾರೂ ಕೆಂಪು ಗೆರೆ ಎಳೆಯುವುದಿಲ್ಲ, ‘ಒಂದು ಹೂಮಳೆ’ಗೆ ಎಳೆಯುತ್ತಾರೆ!

ಮೂರನೆಯ ವಾಕ್ಯದ ತಪ್ಪು ಹೇಳಿದ್ದಾಯಿತು. ಆದರೆ ಇದು ಯಾಕೆ ಇಷ್ಟು ಸಾಮಾನ್ಯ ಎಂದು ತಿಳಿದಿರುವುದು ಒಳ್ಳೆಯದು. ಮಾತಿನಲ್ಲಿ ನಾವು ‘ನೂರು ಗಿಡ ಇದೆ’, ‘ಹೂವೆಲ್ಲ ಉದುರಿತು’ ಅನ್ನುತ್ತೇವೆ. ಅಲ್ಲಿ ‘ಗಳು’ ಇಲ್ಲ. ನಪುಂಸಕ ಲಿಂಗದ ಪದ ರೂಪದಲ್ಲಿ ಏಕವಚನವಾಗಿದ್ದು ಅರ್ಥದಲ್ಲಿ ಮಾತ್ರ ಹಲವನ್ನು ಹೇಳುತ್ತದೆ. ಹಾಗಾಗಿ ಏಕವಚನದ ಕ್ರಿಯಾಪದ ಹೊಂದಿಕೊಳ್ಳುತ್ತದೆ. ಬರೆಯಲು ಕೂತಾಗ ಗಂಭೀರವಾಗಿರಲಿ ಎಂದು ‘ಗಿಡ’ಕ್ಕೆ ‘ಗಳು’ ಸೇರಿಸುತ್ತೇವೆ, ಕ್ರಿಯಾಪದ ಮಾತ್ರ ಮಾತಿನಲ್ಲಿದ್ದ ಹಾಗೇ ಉಳಿದುಬಿಡುತ್ತದೆ. ಒಂದು ಕಾಲು ಬರಹದಲ್ಲಿ, ಇನ್ನೊಂದು ಮಾತಿನಲ್ಲಿ. ಆದ್ದರಿಂದ ಇದನ್ನು ಸರಿಪಡಿಸಲು ದಾರಿ ಎರಡು: ‘ಗಿಡಗಳು ಹೂ ಬಿಡುತ್ತವೆ’ ಎನ್ನಬಹುದು, ಅಥವಾ ‘ಗಳು’ ತೆಗೆದು ‘ಕಾಫಿ ಗಿಡ ಹೂ ಬಿಡುತ್ತದೆ’ ಎನ್ನಬಹುದು. ತಪ್ಪು ಅನ್ನುವುದು ನಿಮ್ಮ ತೀರ್ಪು, ಯಾವ ದಾರಿ ಅನ್ನುವುದು ಅವರ ಆಯ್ಕೆ. ನೀವೇ ಒಂದನ್ನು ಬರೆದುಕೊಟ್ಟರೆ ತಪ್ಪು ತಿದ್ದುವ ನೆಪದಲ್ಲಿ ಧಾಟಿಯನ್ನೂ ತಿದ್ದಿದಂತಾಗುತ್ತದೆ.

ಅದೇ ವಾಕ್ಯ ವರ್ತಮಾನದಲ್ಲಿದೆ, ಮುಂದಿನದು ‘ಹೋಗುತ್ತಿದ್ದರು’ ಎಂದು ಭೂತಕ್ಕೆ ಹೋಯಿತು. ಕಾಲ ಬದಲಾದದ್ದನ್ನು ತಪ್ಪೆನ್ನಲು ಕೈ ತುರಿಸುತ್ತದೆ. ಯಾವುದು ಯಾವ ಕಾಲದಲ್ಲಿದೆ ನೋಡಿ. ಹೂಮಳೆಗೆ ಕಾಫಿ ಅರಳುವುದು ಪ್ರತಿ ವರ್ಷ ಆಗುವ ಸಂಗತಿ, ಇವತ್ತಿಗೂ ನಿಜ. ಅಜ್ಜ ಈಗಿಲ್ಲ. ತೋಟಕ್ಕೆ ವರ್ತಮಾನ, ಅಜ್ಜನಿಗೆ ಭೂತ. ಇದು ತಪ್ಪಲ್ಲ, ಚೆಂದವೂ ಹೌದು. ಒಂದೇ ಘಟನೆಯ ಒಳಗೆ, ಒಂದೇ ಜೀವದ ಮೇಲೆ ಕಾಲ ಕಾರಣವಿಲ್ಲದೆ ಓಲಾಡಿದರೆ, ಉದಾಹರಣೆಗೆ ‘ಅಜ್ಜ ಎದ್ದರು, ಕಂಬಳಿ ಹೊದೆಯುತ್ತಾರೆ, ಹೊರಗೆ ಹೋದರು’ ಎಂದಿದ್ದರೆ, ಆಗ ಗುರುತು ಹಾಕಿ.

ನಾಲ್ಕನೆಯದರಲ್ಲಿ ‘ಹೋಗುತ್ತಿದ್ದರು’ ಆದ ಮೇಲೆ ದೊಣ್ಣೆ, ಕಂಬಳಿ ಬಂದಿವೆ. ಆರನೆಯದರಲ್ಲಿ ‘ಅಜ್ಜ’ ಕೊನೆಗೆ ಬಂದಿದ್ದಾರೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ವಾಡಿಕೆ. ಆದರೆ ವಿಭಕ್ತಿ ಪ್ರತ್ಯಯ ಮತ್ತು ಕ್ರಿಯಾಪದದ ಕೊನೆ ಎರಡೂ ಸೇರಿ ಯಾರು ಯಾರಿಗೆ ಏನು ಮಾಡಿದರು ಅನ್ನುವುದನ್ನು ಹಿಡಿದಿಟ್ಟಿರುವುದರಿಂದ ಪದ ಅತ್ತಿತ್ತ ಸರಿದರೂ ಅರ್ಥ ಚೆದುರುವುದಿಲ್ಲ. ‘ನೋಡುತ್ತಿದ್ದರು ಅಜ್ಜ’ ಎಂದಾಗ ನೋಡುವುದು ಮುಂದೆ ಬಂತು, ಅಜ್ಜ ಕೊನೆಗೆ ನೆನಪಿಗೆ ಬಂದ ಹಾಗೆ ಬಂದರು. ತಿದ್ದಿದರೆ ಆ ಒತ್ತು ಹೋಗುತ್ತದೆ. ಬಿಡಿ.

ಐದನೆಯ ವಾಕ್ಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ‘ಶೈಲಿ’ ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ, ಅದನ್ನು ವಿವರಿಸಿ ಹೇಳಲು ಮಾತ್ರ ಎಲ್ಲರೂ ತಡವರಿಸುತ್ತಾರೆ. ‘ನಾನು ಹಿಂದೆ ಓಡಿ ಹೋಗಿ ಅಜ್ಜ ನಗುತ್ತಿದ್ದ.’ ‘ಹೋಗಿ’, ‘ಬಂದು’, ‘ನೋಡಿ’ ಎಂಬ ರೂಪಗಳು ಕೃದಂತಾವ್ಯಯಗಳು. ಒಂದು ಕೆಲಸ ಮುಗಿಸಿ ಇನ್ನೊಂದು ಮಾಡಿದ್ದನ್ನು ಹೇಳುತ್ತವೆ. ಎರಡು ಕೆಲಸವನ್ನೂ ಒಬ್ಬರೇ ಮಾಡಿರಬೇಕು ಅನ್ನುವುದು ಅವುಗಳ ಮೂಲ ನಿಯಮ. ಯಾರು ಓಡಿದ್ದು? ನಾನು. ಯಾರು ನಕ್ಕಿದ್ದು? ಅಜ್ಜ. ಕರ್ತೃ ಎರಡಾದರು, ಹಗ್ಗ ಕಡಿಯಿತು. ‘ನಾನು ಹಿಂದೆ ಓಡಿ ಹೋದರೆ ಅಜ್ಜ ನಗುತ್ತಿದ್ದರು’ ಎಂದೋ, ‘ನಾನು ಹಿಂದೆ ಓಡಿ ಬರುವುದನ್ನು ನೋಡಿ ಅಜ್ಜ ನಗುತ್ತಿದ್ದರು’ ಎಂದೋ ಆಗಬೇಕು. ಎರಡನೆಯದರಲ್ಲಿ ‘ನೋಡಿ’ದ್ದೂ ಅಜ್ಜ, ನಕ್ಕದ್ದೂ ಅಜ್ಜ, ಅದಕ್ಕೇ ಸರಿಯಾಯಿತು.

ಈಗ ಒಂಬತ್ತನೆಯ ವಾಕ್ಯ: ‘ಮಳೆ ಬಂದು ಎಲ್ಲ ಹಾಳಾಯಿತು.’ ಬಂದದ್ದು ಮಳೆ, ಹಾಳಾದದ್ದು ಎಲ್ಲ. ಇಲ್ಲೂ ಕರ್ತೃ ಎರಡು. ಐದನೆಯದನ್ನು ತಪ್ಪೆಂದ ಮೇಲೆ ಇದನ್ನೂ ತಪ್ಪೆನ್ನಬೇಕಲ್ಲ ಎಂದು ಹೊಸದಾಗಿ ನಿಯಮ ಕಲಿತವರು ಗೆರೆ ಎಳೆಯುತ್ತಾರೆ. ಕನ್ನಡ ಮಾತಾಡುವ ಯಾರಿಗೂ ಇದು ಮುಳ್ಳಿನಂತೆ ಚುಚ್ಚುವುದಿಲ್ಲ. ‘ಬಸ್ಸು ತಡವಾಗಿ ಬಂದು ನಮಗೆ ಊಟ ಸಿಗಲಿಲ್ಲ’, ‘ಬಿಸಿಲು ಹೆಚ್ಚಾಗಿ ಕೆರೆ ಬತ್ತಿತು’ ಎಂದು ದಿನಾ ಅನ್ನುತ್ತೇವೆ. ಇವುಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ಕಾರಣ, ಮತ್ತು ಮುಂದಿನದನ್ನು ಯಾರೂ ಮನಸ್ಸು ಮಾಡಿ ಮಾಡಿದ್ದಲ್ಲ, ಅದು ತಾನಾಗಿ ಆದದ್ದು. ಅಂಥ ಕಡೆ ಭಾಷೆ ಎರಡು ಕರ್ತೃಗಳನ್ನು ಒಪ್ಪುತ್ತದೆ. ಹಿಂದಿನ ಕೆಲಸಕ್ಕೂ ಮುಂದಿನ ಕೆಲಸಕ್ಕೂ ಬೇರೆ ಬೇರೆ ಮನುಷ್ಯರು ಬಂದಾಗ ಒಪ್ಪುವುದಿಲ್ಲ. ‘ಅಮ್ಮ ಬೈದು ನಾನು ಓದಿದೆ’ ಎಂದು ಯಾರೂ ಅನ್ನುವುದಿಲ್ಲ, ‘ಅಮ್ಮ ಬೈದಿದ್ದಕ್ಕೆ ಓದಿದೆ’ ಅನ್ನುತ್ತಾರೆ. ಒಂದೇ ನಿಯಮದ ಎರಡು ಕಡೆ ಇವು. ವ್ಯಾಕರಣ ಪುಸ್ತಕದ ಅರ್ಧ ಸಾಲು ನೆನಪಿಟ್ಟುಕೊಂಡು ತಿದ್ದುವುದು ಏನೂ ನೆನಪಿಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

ಐದರಲ್ಲೇ ಇನ್ನೊಂದು ತಪ್ಪಿದೆ. ನಾಲ್ಕರಲ್ಲಿ ಅಜ್ಜ ‘ಹೋಗುತ್ತಿದ್ದರು’, ಐದರಲ್ಲಿ ‘ನಗುತ್ತಿದ್ದ’, ಆರರಲ್ಲಿ ಮತ್ತೆ ‘ನೋಡುತ್ತಿದ್ದರು’. ಅಜ್ಜನನ್ನು ಏಕವಚನದಲ್ಲಿ ಕರೆಯುವುದು ತಪ್ಪಲ್ಲ. ಎಷ್ಟೋ ಮನೆಗಳಲ್ಲಿ ಅಜ್ಜ ‘ಬಂದ’, ‘ಹೋದ’ ಅಂತಲೇ ಇರುತ್ತಾನೆ, ಅದರಲ್ಲಿ ಸಲುಗೆ ಇದೆ. ಬಹುವಚನವೂ ಸರಿ. ಆದರೆ ಒಂದನ್ನು ಹಿಡಿಯಬೇಕು. ಇದಕ್ಕೂ ಒಂದು ವಿನಾಯಿತಿ ಉಂಟು. ಇಡೀ ಪ್ರಬಂಧದಲ್ಲಿ ‘ಅವರು, ಇವರು’ ಎಂದು ನಡೆದು, ಅಜ್ಜ ತೀರಿಕೊಂಡ ಕೊನೆಯ ಪ್ಯಾರಾದಲ್ಲಿ ಮಾತ್ರ ‘ಅಜ್ಜ ಹೊರಟುಹೋದ’ ಎಂದಿದ್ದರೆ, ಅದು ಮರೆವಿನಿಂದ ಆದದ್ದಲ್ಲ. ಗೌರವದ ಪರದೆ ಸರಿದು ಹತ್ತಿರದ ನೋವು ಹೊರಗೆ ಬಂದದ್ದು.

ಇದರಿಂದ ಒಂದು ಉಪಯೋಗದ ಮಾತು ಹೊರಡುತ್ತದೆ. ತಪ್ಪುಗಳು ಬೀಳುವ ಜಾಗ ಬೇರೆ, ಆಯ್ಕೆಗಳು ಬೀಳುವ ಜಾಗ ಬೇರೆ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಹತ್ತು ಹನ್ನೆರಡು ಪದ ತೂರಿಕೊಂಡ ಉದ್ದ ವಾಕ್ಯಗಳಲ್ಲಿ, ಎರಡು ಸಲ ಬರೆದು ಅಂಟಿಸಿದ ಪ್ಯಾರಾಗಳ ಬೆಸುಗೆಯಲ್ಲಿ ತಪ್ಪುಗಳು ಹೆಚ್ಚಾಗಿ ಸಿಗುತ್ತವೆ. ಆಯ್ಕೆಗಳು ಪ್ಯಾರಾದ ಮೊದಲಲ್ಲಿ, ಕೊನೆಯಲ್ಲಿ, ಸಂಭಾಷಣೆಯಲ್ಲಿ, ಭಾವ ಏರಿದ ಕಡೆ ಕೂತಿರುತ್ತವೆ. ‘ಎಲ್ಲ ಕಡೆ ಹೀಗೇ ಬರೆದಿದ್ದೇನೆ, ಅದಕ್ಕೇ ಶೈಲಿ’ ಎಂಬ ವಾದ ಅಷ್ಟು ಗಟ್ಟಿಯಲ್ಲ. ‘ಗಳು’ ಆದ ಮೇಲೆ ‘ದೆ’ ಬರೆಯುವ ಅಭ್ಯಾಸ ಇರುವವರು ಎಲ್ಲ ಕಡೆಯೂ ಹಾಗೇ ಬರೆಯುತ್ತಾರೆ, ತಪ್ಪು ಸ್ಥಿರವಾಯಿತು ಅಷ್ಟೆ. ಇಡೀ ಪ್ರಬಂಧದಲ್ಲಿ ಒಂದೇ ಸಲ ಬಂದ ತುಂಡು ವಾಕ್ಯ ಪಕ್ಕಾ ಆಯ್ಕೆ ಆಗಿರಬಹುದು. ಎಷ್ಟು ಸಲ ಬಂತು ಅನ್ನುವುದಕ್ಕಿಂತ ಎಲ್ಲಿ ಬಂತು ಅನ್ನುವುದು ಹೆಚ್ಚು ಹೇಳುತ್ತದೆ.

ಆರನೆಯ ವಾಕ್ಯದ ‘ಪ್ರತಿಯೊಂದು ಗಿಡಗಳನ್ನೂ’ ತಪ್ಪು. ‘ಪ್ರತಿಯೊಂದು’ ಒಂದೊಂದನ್ನೇ ಎಣಿಸುವ ಪದ, ಅದರ ಮುಂದೆ ಏಕವಚನವೇ ಬರಬೇಕು: ‘ಪ್ರತಿಯೊಂದು ಗಿಡವನ್ನೂ’. ಎಲ್ಲವನ್ನೂ ಒಟ್ಟಿಗೆ ಹೇಳಬೇಕೆಂದರೆ ‘ಎಲ್ಲ ಗಿಡಗಳನ್ನೂ’.

ಏಳನೆಯದು ನಿಮ್ಮ ‘ಹಳ್ಳಿ ಮಾತಿ’ನ ಪ್ರಶ್ನೆ. ಉದ್ಧರಣ ಚಿಹ್ನೆಯೊಳಗಿನ ‘ಬತ್ತದೆ’, ‘ಕಣ್ಲಾ’ ಅಜ್ಜನ ಬಾಯಿಂದ ಬಂದವು. ‘ಬರುತ್ತದೆ ಕಣೋ’ ಎಂದು ತಿದ್ದಿದರೆ ಅಜ್ಜನ ಬಾಯಿಗೆ ಪಠ್ಯಪುಸ್ತಕ ತುರುಕಿದಂತೆ. ಅದರ ಹತ್ತಿರ ಹೋಗಬೇಡಿ. ಆದರೆ ‘ಅಕ್ಕಿ’? ನಮ್ಮ ಕಡೆ ಹಕಾರ ನುಂಗುವುದು ಹೊಸದೇನಲ್ಲ. ಬರಹದಲ್ಲೂ ಹಾಗೇ ನುಂಗಿದರೆ ಹಾಸನವೇ ಕೂರುವ ಆಸನವಾಗಿಬಿಡುತ್ತದೆ. ಅಜ್ಜ ‘ಅಕ್ಕಿ’ ಎಂದದ್ದು ನಿಜವಿರಬಹುದು, ಬರೆದವರು ಬೇಕೆಂದೇ ಹಾಗೆ ಬರೆದಿರಬಹುದು. ತೊಂದರೆ ಏನೆಂದರೆ ಓದುವವರ ಕಣ್ಣ ಮುಂದೆ ಮೊದಲು ಬರುವುದು ಊಟದ ಅಕ್ಕಿ. ಅಕ್ಕಿ ಹೇಗೆ ಕೂಗುತ್ತದೆ ಎಂದು ಒಂದು ಕ್ಷಣ ತಡೆದು ಮುಂದೆ ಹೋಗುತ್ತಾರೆ. ಇದು ಆಯ್ಕೆಯೇ, ಆದರೆ ಓದುಗರನ್ನು ಎಡವಿಸುವ ಆಯ್ಕೆ. ಇಂಥದಕ್ಕೆ ‘ತಪ್ಪು’ ಎಂದು ಬರೆಯಬೇಡಿ, ‘ಇಲ್ಲಿ ಊಟದ ಅಕ್ಕಿ ಎಂದು ಓದಿಕೊಂಡೆ, ನಿಮ್ಮ ಉದ್ದೇಶವೇ?’ ಎಂದು ಕೇಳಿ. ಅವರು ‘ಹಕ್ಕಿ’ ಮಾಡಬಹುದು, ‘ಕೋಗಿಲೆ’ ಮಾಡಬಹುದು, ಹಾಗೇ ಬಿಡಬಹುದು.

ಚಿಹ್ನೆಯಿಂದ ಹೊರಗಿನ ‘ಅನ್ನೋರು’ ಬೇರೆ ಬಗೆ. ಅದು ಅಜ್ಜನ ಮಾತಲ್ಲ, ನಿರೂಪಕರದ್ದು. ಉಳಿದ ನಿರೂಪಣೆ ‘ಹೋಗುತ್ತಿದ್ದರು’, ‘ನೋಡುತ್ತಿದ್ದರು’ ಎಂದು ಬರಹದ ಕನ್ನಡದಲ್ಲಿದೆ, ಇದೊಂದು ಮಾತಿನ ರೂಪದಲ್ಲಿದೆ. ಅಜ್ಜನ ಮಾತು ಕೇಳುತ್ತಾ ನಿರೂಪಕರ ಬಾಯಿಯೂ ಸಡಿಲವಾಯಿತು ಎಂದುಕೊಂಡರೆ ಒಪ್ಪಬಹುದು. ಪ್ರಬಂಧದ ಉಳಿದ ಭಾಗದಲ್ಲಿ ಸಂಭಾಷಣೆಯ ಪಕ್ಕದಲ್ಲೆಲ್ಲ ಹೀಗೇ ಆಗಿದೆಯೇ ನೋಡಿ. ಆಗಿದ್ದರೆ ಬಿಡಿ, ಇದೊಂದೇ ಇದ್ದರೆ ಪೆನ್ಸಿಲಿನ ಪ್ರಶ್ನೆ.

ಎಂಟನೆಯದು ಉದ್ದ ವಾಕ್ಯಗಳ ಹಳೆಯ ಕಾಯಿಲೆ, ತಲೆಗೂ ಬಾಲಕ್ಕೂ ಹೊಂದಿಕೆಯಿಲ್ಲ. ನಡುವಿನದನ್ನು ಬೆರಳಿನಿಂದ ಮುಚ್ಚಿ ಎರಡು ತುದಿಯನ್ನು ಮಾತ್ರ ಓದಿ: ‘ಕಾರಣವೇನೆಂದರೆ … ಮುರಿಯುತ್ತಿದ್ದುದರಿಂದ’. ‘ಕಾರಣವೇನೆಂದರೆ’ ಎಂದ ಮೇಲೆ ಕಾರಣವನ್ನು ಪೂರ್ಣ ವಾಕ್ಯವಾಗಿ ಹೇಳಬೇಕು. ‘ಇಂದ’ ಎಂದ ಮೇಲೆ ಅದರ ಫಲ ಬರಬೇಕು. ಇಲ್ಲಿ ಕಾರಣ ಎರಡು ಸಲ ಬಂತು, ಫಲ ತಲೆಯಲ್ಲೇ ಸಿಕ್ಕಿಕೊಂಡಿತು. ‘ಕಾರಣವೇನೆಂದರೆ, ಆಳುಗಳು ಹೂ ಬಿಟ್ಟ ಕೊಂಬೆ ಮುರಿಯುತ್ತಿದ್ದರು’ ಆಗಬೇಕು, ಇಲ್ಲವೇ ‘ಆಳುಗಳು ಹೂ ಬಿಟ್ಟ ಕೊಂಬೆ ಮುರಿಯುತ್ತಿದ್ದುದರಿಂದ ಅಜ್ಜನಿಗೆ ಸಿಟ್ಟು ಬರುತ್ತಿತ್ತು’. ಎರಡು ಸಾಲು ದಾಟಿದ ಪ್ರತಿ ವಾಕ್ಯಕ್ಕೂ ಈ ಬೆರಳು ಮುಚ್ಚುವ ಪರೀಕ್ಷೆ ಮಾಡಿ. ‘ಏಕೆಂದರೆ … ಆದ್ದರಿಂದ’ ಎಂಬ ಜೋಡಿಯೂ ಇದರಲ್ಲೇ ಸಿಕ್ಕಿಬೀಳುತ್ತದೆ.

ಅದೇ ವಾಕ್ಯದಲ್ಲಿ ‘ಕೊಂಬೆ ಮುರಿಯುತ್ತಿದ್ದುದರಿಂದ’ ಎಂದಿದೆ, ‘ಕೊಂಬೆಯನ್ನು’ ಎಂದಿಲ್ಲ. ದ್ವಿತೀಯಾ ವಿಭಕ್ತಿ ಬಿಟ್ಟಿದೆ ಎಂದು ಗೆರೆ ಎಳೆಯುವವರುಂಟು. ವಸ್ತುವಿನ ಹೆಸರಿಗೆ, ಅದೂ ಯಾವುದೋ ಒಂದು ಎಂಬ ಅರ್ಥ ಇರುವಾಗ, ‘ಅನ್ನು’ ಬಿಡುವುದು ಕನ್ನಡದ ಸಹಜ ನಡೆ: ಕಾಫಿ ಕುಡಿದರು, ಮರ ಕಡಿದರು, ಕಾಗದ ಬರೆದರು. ಮನುಷ್ಯರ ಹೆಸರಿಗೆ ಬಿಡುವಂತಿಲ್ಲ. ‘ನಾನು ಅಜ್ಜ ಕರೆದೆ’ ಎಂದರೆ ಯಾರು ಯಾರನ್ನು ಕರೆದರೋ ತಿಳಿಯುವುದಿಲ್ಲ, ಅದು ತಪ್ಪು. ಇದರ ಪಕ್ಕದಲ್ಲೇ ‘ಊರನ್ನು ಸೇರಿದನು’, ‘ಊರಿಗೆ ಸೇರಿದನು’ ಎಂಬ ಜೋಡಿ ಇದೆ. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದಕ್ಕೆ ವ್ಯಾಕರಣವೇ ವಿಭಕ್ತಿ ಪಲ್ಲಟ ಎಂಬ ಹೆಸರಿಟ್ಟು ಒಪ್ಪಿಕೊಂಡಿದೆ. ನಮಗೆ ರೂಢಿ ಇಲ್ಲದ ವಿಭಕ್ತಿ ಕಂಡ ಕೂಡಲೇ ಹೊಡೆಯುವ ಮುಂಚೆ ಇದನ್ನು ನೆನಪಿಸಿಕೊಳ್ಳುವುದು ಮೇಲು.

ಹತ್ತನೆಯ ವಾಕ್ಯ ಸೂಕ್ಷ್ಮ. ‘ಅಂದು ಅಜ್ಜ ಊಟ ಮಾಡಿಲ್ಲ.’ ‘ಮಾಡಿಲ್ಲ’ ಎಂದರೆ ಈ ಹೊತ್ತಿನವರೆಗೆ ಮಾಡಿಲ್ಲ, ಇನ್ನೂ ಮಾಡಬಹುದು ಎಂಬ ಬಾಗಿಲು ತೆರೆದಿದೆ. ‘ಮಾಡಲಿಲ್ಲ’ ಎಂದರೆ ಆ ದಿನ ಮುಗಿಯಿತು, ಆಗಲಿಲ್ಲ. ‘ಅಂದು’ ಎಂದು ಕಾಲ ಕಟ್ಟಿ ಹಾಕಿ, ಹಿಂದಿನ ವಾಕ್ಯ ‘ಹಾಳಾಯಿತು’ ಎಂದು ಭೂತದಲ್ಲಿ ನಿಂತ ಮೇಲೆ ‘ಮಾಡಲಿಲ್ಲ’ವೇ ಸರಿ. ಮಾತಿನಲ್ಲಿ ‘ನಿನ್ನೆ ಅವನು ಬಂದಿಲ್ಲ’ ಎಂದು ಕಿವಿಗೆ ಬೀಳುತ್ತದೆ, ಹಾಗಾಗಿ ಸಂಭಾಷಣೆಯಲ್ಲಿದ್ದಿದ್ದರೆ ನಾನು ಮುಟ್ಟುತ್ತಿರಲಿಲ್ಲ. ನಿರೂಪಣೆಯಲ್ಲಿದೆ, ಅದೂ ಪ್ಯಾರಾದ ಕೊನೆಯ ಪೆಟ್ಟು ಬೀಳಬೇಕಾದ ಜಾಗದಲ್ಲಿ. ತಪ್ಪಿನ ಪಟ್ಟಿಗೇ ಸೇರಿಸುತ್ತೇನೆ. ನೀವು ಪೆನ್ಸಿಲಿನ ಪ್ರಶ್ನೆ ಮಾಡಿದರೂ ಜಗಳವಿಲ್ಲ.

ಅಲ್ಲಿಗೆ ಆರಾಯಿತು: ಮೂರರಲ್ಲಿ ವಚನ, ಐದರಲ್ಲಿ ‘ಹೋಗಿ’ ಮತ್ತು ‘ನಗುತ್ತಿದ್ದ’, ಆರರಲ್ಲಿ ‘ಪ್ರತಿಯೊಂದು’, ಎಂಟರಲ್ಲಿ ತಲೆ ಬಾಲ, ಹತ್ತರಲ್ಲಿ ‘ಮಾಡಿಲ್ಲ’.

ಸಂಧಿಯ ಬಗ್ಗೆ ನೀವು ಕೇಳಿಲ್ಲ. ಆದರೂ ಅರುವತ್ತರಲ್ಲಿ ಹತ್ತಾದರೂ ಅದರ ಗೆರೆ ಇದ್ದೇ ಇರುತ್ತದೆ ಎಂದುಕೊಂಡು ಹೇಳುತ್ತೇನೆ. ‘ತೋಟವೆಲ್ಲ’ ಎಂದು ಕೂಡಿಸಬೇಕೋ ‘ತೋಟ ಎಲ್ಲ’ ಎಂದು ಬಿಡಿಸಬೇಕೋ? ಸಂಸ್ಕೃತ ವೈಯಾಕರಣರದ್ದು ಒಂದು ಹಳೆಯ ಶ್ಲೋಕವಿದೆ: ಒಂದೇ ಪದದೊಳಗೆ ಸಂಧಿ ಆಗಲೇಬೇಕು, ಸಮಾಸದಲ್ಲಿ ಆಗಲೇಬೇಕು, ವಾಕ್ಯದಲ್ಲಿ ಮಾತ್ರ ಅದು ಹೇಳುವವರ ವಿವಕ್ಷೆಗೆ ಬಿಟ್ಟದ್ದು. ವಿವಕ್ಷೆ ಎಂದರೆ ಹೇಳುವವರ ಇಚ್ಛೆ, ಉದ್ದೇಶ. ನಿಯಮ ಎಲ್ಲಿ ಮುಗಿದು ಬರೆಯುವವರ ಇಷ್ಟ ಎಲ್ಲಿ ಶುರುವಾಗುತ್ತದೆ ಎಂದು ವ್ಯಾಕರಣವೇ ಗಡಿ ಕಲ್ಲು ನೆಟ್ಟ ಜಾಗ ಅದು. ಇವತ್ತಿನ ಕನ್ನಡ ಗದ್ಯಕ್ಕೂ ಅದೇ ಅಳತೆ ಸಾಕು. ಪ್ರಕೃತಿಗೆ ಪ್ರತ್ಯಯ ಸೇರುವಾಗ ‘ಮನೆಯಲ್ಲಿ’ ಎಂದೇ ಆಗಬೇಕು, ‘ಮನೆಅಲ್ಲಿ’ ತಪ್ಪು. ಎರಡು ಬಿಡಿ ಪದಗಳ ನಡುವೆ ‘ತೋಟವೆಲ್ಲ’, ‘ತೋಟ ಎಲ್ಲ’, ‘ಬೆಳ್ಳಗಾಗುತ್ತದೆ’, ‘ಬೆಳ್ಳಗೆ ಆಗುತ್ತದೆ’ ಯಾವುದೂ ಸರಿ.

ಕಾಗುಣಿತದಲ್ಲಿ ವಾದಕ್ಕೆ ಜಾಗ ಕಡಿಮೆ. ‘ವಿಷೇಶ’, ‘ಅದ್ಯಯನ’, ‘ಕೋಟ್ಯಾಧಿಪತಿ’ ಕಂಡರೆ ತಿದ್ದಿ: ವಿಶೇಷ, ಅಧ್ಯಯನ, ಕೋಟ್ಯಧಿಪತಿ. ಆದರೆ ಬೆಳಗ್ಗೆ ಮತ್ತು ಬೆಳಿಗ್ಗೆ, ಯಾಕೆ ಮತ್ತು ಏಕೆ, ಕೂತು ಮತ್ತು ಕುಳಿತು, ಹೂ ಮತ್ತು ಹೂವು ಇವು ಜೋಡಿ ರೂಪಗಳು, ಎರಡೂ ಬಳಕೆಯಲ್ಲಿವೆ. ಇಲ್ಲಿ ನೋಡಬೇಕಾದದ್ದು ಒಂದೇ ಪ್ರಬಂಧದಲ್ಲಿ ಒಂದೇ ರೂಪ ಇದೆಯೇ ಎಂದು ಮಾತ್ರ. ಅನುಮಾನವಿದ್ದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ತೆಗೆದು ನೋಡಿ. ಎರಡು ರೂಪವೂ ಅಲ್ಲಿದ್ದರೆ ನಿಮ್ಮ ಪೆನ್ನಿಗೆ ಕೆಲಸವಿಲ್ಲ. ಮಹಾಪ್ರಾಣಗಳೇ ಇಲ್ಲದೆ ಇಡೀ ಲೇಖನ ಬರೆಯುವವರೂ ಇದ್ದಾರೆ. ಡಿ.ಎನ್. ಶಂಕರ ಭಟ್ಟರು ಮುಂದಿಟ್ಟ ಹೊಸಬರಹದ ದಾರಿ ಅದು, ಕೈತಪ್ಪಲ್ಲ. ಅದನ್ನು ಸಂಚಿಕೆಯಲ್ಲಿ ಹಾಕಬೇಕೋ ಬೇಡವೋ ಅನ್ನುವುದು ಸಂಪಾದಕರ ತೀರ್ಮಾನ, ವ್ಯಾಕರಣದ ಪ್ರಶ್ನೆಯಲ್ಲ. ಅರ್ಧ ‘ಭಾಷೆ’, ಅರ್ಧ ‘ಬಾಶೆ’ ಇದ್ದರೆ ಮಾತ್ರ ಕೈತಪ್ಪು.

ಬರಹ ಯಾವುದಕ್ಕೆ ಅನ್ನುವುದನ್ನೂ ಮರೆಯಬೇಡಿ. ಪ್ರಬಂಧದಲ್ಲಿ ನಾನು ಬಿಡಿ ಎಂದ ‘ಒಂದು ಹೂಮಳೆ. ಅಷ್ಟೇ ಸಾಕು’ ಅನ್ನುವುದನ್ನು ಬೆಳೆ ಹಾನಿ ಪರಿಹಾರದ ಅರ್ಜಿಯಲ್ಲಿ ಕಂಡರೆ ತೆಗೆಸುತ್ತೇನೆ. ಅಲ್ಲೂ ಅದು ವ್ಯಾಕರಣದ ತಪ್ಪಲ್ಲ, ಆ ಜಾಗಕ್ಕೆ ಸಲ್ಲದು ಅಷ್ಟೆ. ಆ ಎರಡನ್ನು ಬೇರೆ ಬೇರೆ ಮಾತಿನಲ್ಲಿ ಹೇಳಬೇಕು.

ಈಗ ನಿಮ್ಮ ಅರುವತ್ತು ಗೆರೆಗಳಿಗೆ ಏನು ಮಾಡುವುದು? ಹೊಸ ಪ್ರತಿಯೊಂದನ್ನು ತೆಗೆದುಕೊಂಡು ಮೊದಲ ಓದಿನಲ್ಲಿ ಪೆನ್ನು ಮುಟ್ಟಬೇಡಿ. 1200 ಪದಕ್ಕೆ ಹದಿನೈದು ನಿಮಿಷ ಸಾಕು. ಅವರ ನಡಿಗೆ ಎಂಥದ್ದು, ಚಿಕ್ಕ ವಾಕ್ಯದವರೋ ಉದ್ದದವರೋ, ಅಜ್ಜನಿಗೆ ಯಾವ ವಚನ, ಯಾವ ಕಾಲ ಎಂಬುದು ಆ ಓದಿನಲ್ಲಿ ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಯಾವುದು ಅದರಿಂದ ಜಾರಿದ್ದು ಅನ್ನುವುದೂ ಗೊತ್ತಾಗುವುದಿಲ್ಲ. ಎರಡನೆಯ ಓದಿನಲ್ಲಿ ಕಾರಣ ಬರೆಯಬಲ್ಲ ತಪ್ಪುಗಳಿಗೆ ಮಾತ್ರ ಪೆನ್ನು, ಉಳಿದ ಅನುಮಾನಗಳಿಗೆ ಪೆನ್ಸಿಲಿನ ಪ್ರಶ್ನಾರ್ಥಕ. ಒಂದೇ ತಪ್ಪು ಹತ್ತು ಸಲ ಬಂದಿದ್ದರೆ ಮೊದಲನೆಯದಕ್ಕೆ ಕಾರಣ ಬರೆದು ಉಳಿದವಕ್ಕೆ ಬರೀ ಒಂದು ಚುಕ್ಕೆ ಇಡಿ. ಹತ್ತು ಗೆರೆ ಕಂಡರೆ ಬರೆದವರಿಗೆ ಹತ್ತು ತಪ್ಪು ಎನಿಸುತ್ತದೆ, ಇರುವುದು ಒಂದೇ ಅಭ್ಯಾಸ.

‘ಅಜ್ಜ ಒಬ್ಬ ಒಳ್ಳೆಯ ಮನುಷ್ಯ ಆಗಿದ್ದರು’ ಎಂಬಂಥ, ತಪ್ಪೂ ಅಲ್ಲದ ಚೆಂದವೂ ಅಲ್ಲದ ವಾಕ್ಯಗಳು ಸಿಗುತ್ತವೆ. ಅವನ್ನು ಪ್ರತಿಯ ಮೇಲೆ ಗುರುತಿಸಬೇಡಿ. ಬೇರೆ ಹಾಳೆಯಲ್ಲಿ ಎರಡು ಮೂರು ಮಾತ್ರ ಆರಿಸಿ ಬರೆದಿಡಿ, ಅವರು ಕೇಳಿದರೆ ಕೊಡಿ. ಮುಗಿದ ಪ್ರಬಂಧ ತಂದುಕೊಟ್ಟವರು ಬೇರೆ ಪ್ರಬಂಧ ಬರೆದುಕೊಡಿ ಎಂದು ಕೇಳಿಲ್ಲ.

ಕೊನೆಗೆ ಅವರ ಜೊತೆ ಕೂತು ಪೆನ್ಸಿಲಿನ ಗುರುತುಗಳಿದ್ದ ವಾಕ್ಯಗಳನ್ನು ಅವರ ಬಾಯಿಂದಲೇ ಗಟ್ಟಿಯಾಗಿ ಓದಿಸಿ, ನೀವು ಏನೂ ಹೇಳಬೇಡಿ. ಕಣ್ಣು ತಪ್ಪಿ ಆದದ್ದಿದ್ದರೆ ಓದುವಾಗ ನಾಲಿಗೆಯೇ ತಿದ್ದಿಕೊಂಡು ‘ಬಿಡುತ್ತವೆ’ ಎಂದುಬಿಡುತ್ತದೆ. ಬರೆದದ್ದನ್ನು ಬರೆದ ಹಾಗೇ, ಬೇಕಾದ ಕಡೆ ನಿಂತು, ಒತ್ತು ಕೊಟ್ಟು ಓದಿದರೆ ಆ ಗುರುತನ್ನು ರಬ್ಬರಿನಿಂದ ಅಳಿಸಿ. ನಾಲಿಗೆ ತಿದ್ದಿಕೊಳ್ಳದೆ, ‘ಯಾಕೆ ಹೀಗೆ?’ ಎಂದು ಕೇಳಿದಾಗ ‘ಶೈಲಿ’ ಎಂಬುದರ ಮುಂದೆ ಇನ್ನೊಂದು ಪದವನ್ನೂ ಸೇರಿಸಲಾಗದ ಕಡೆ ಮಾತ್ರ, ನೀವು ಬರೆದಿಟ್ಟ ಕಾರಣದ ಸಾಲನ್ನು ಅವರ ಮುಂದೆ ಇಡಿ.